ನೆನೆಸಿದ ಬಾದಾಮಿ ಫ್ರಿಜ್‌ನಲ್ಲಿ ಎಷ್ಟು ದಿನ?

ನಾಲ್ಕು ಜನರ ಮನೆ. ದಿನಕ್ಕೆ ಒಬ್ಬೊಬ್ಬರಿಗೆ ಐದು ಬಾದಾಮಿ. ವಾರಕ್ಕೆ 140 ಆಯಿತು. ದಿನಾ ನೆನೆಸುವವರು ಯಾರು ಎಂದು ಭಾನುವಾರ ರಾತ್ರಿ ಅಷ್ಟನ್ನೂ ಒಂದೇ ಡಬ್ಬಿಯಲ್ಲಿ ನೀರಿಗೆ ಹಾಕಿ ಫ್ರಿಜ್‌ನಲ್ಲಿಡುವುದು ಈಗ ಅನೇಕ ಮನೆಗಳ ರೂಢಿ. ಸೋಮವಾರ, ಮಂಗಳವಾರ ಏನೂ ತೊಂದರೆಯಿಲ್ಲ. ಗುರುವಾರದ ಹೊತ್ತಿಗೆ ನೀರು ಮಬ್ಬಾಗಿರುತ್ತದೆ, ಕಾಳು ಬೆರಳಿಗೆ ಜಾರುತ್ತದೆ.

ಅಂಗಡಿಯಿಂದ ತಂದ ಬಾದಾಮಿ ತಿಂಗಳುಗಟ್ಟಲೆ ಕೆಡದಿರುವುದು ಅದರಲ್ಲಿ ನೀರಿನಂಶ ತೀರಾ ಕಡಿಮೆ ಇರುವುದರಿಂದ. ಬ್ಯಾಕ್ಟೀರಿಯಾ ಅದರ ಮೇಲೆ ಇರಬಹುದು, ಆದರೆ ನೀರಿಲ್ಲದೆ ಬೆಳೆಯಲಾರದು. ಇರುವುದಂತೂ ನಿಜ: 2001ರಲ್ಲೂ 2004ರಲ್ಲೂ ಕ್ಯಾಲಿಫೋರ್ನಿಯಾದ ಹಸಿ ಬಾದಾಮಿಯಿಂದ ಸಾಲ್ಮೊನೆಲ್ಲಾ ಸೋಂಕು ಹರಡಿದ ಮೇಲೆ, ಅಮೆರಿಕ 2007ರಲ್ಲಿ ತನ್ನ ಮಾರುಕಟ್ಟೆಯ ಬಾದಾಮಿಗೆ ರೋಗಾಣು ತಗ್ಗಿಸುವ ಸಂಸ್ಕರಣೆಯನ್ನು ಕಡ್ಡಾಯ ಮಾಡಿತು. ನೆನೆಸಿದ ಕ್ಷಣದಿಂದ ಅದು ಒಣಕಾಳಲ್ಲ, ಹೆಚ್ಚಿಟ್ಟ ಹಣ್ಣಿನಂತೆ ಬೇಗ ಕೆಡುವ ಪದಾರ್ಥ. ಫ್ರಿಜ್‌ನ ನಾಲ್ಕೈದು ಡಿಗ್ರಿ ತಂಪು ಕೆಡುವುದನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಲಿಸ್ಟೀರಿಯಾದಂಥ ಕೆಲವು ರೋಗಾಣುಗಳು ಆ ತಂಪಿನಲ್ಲೂ ಬೆಳೆಯುತ್ತವೆ. ಗರ್ಭಿಣಿಯರು, ವಯಸ್ಸಾದವರು ಇರುವ ಮನೆಯಲ್ಲಿ ದಿನದ್ದು ದಿನವೇ ನೆನೆಸುವುದು ಮೇಲು.

ಉಳಿದವರು ಎರಡು ದಿನಕ್ಕಾಗುವಷ್ಟು, ಅಂದರೆ ಆ ಮನೆಯವರು ನಲವತ್ತು, ನೆನೆಸಿದರೆ ಸಾಕು. ತೊಳೆದು, ಎಂಟು ಗಂಟೆ ನೆನೆಯಲಿ. ಕಲಬುರಗಿಯ ಬೇಸಿಗೆಯಂಥ ಸೆಕೆಯಲ್ಲಿ ನೆನೆಸುವುದೂ ಫ್ರಿಜ್‌ನೊಳಗೇ ಆಗಲಿ. ಬೆಳಿಗ್ಗೆ ಆ ನೀರನ್ನು ಪೂರ್ತಿ ಬಸಿದು ಚೆಲ್ಲಿ, ಮತ್ತೊಮ್ಮೆ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಮುಚ್ಚಳದ ಡಬ್ಬಿಗೆ ಹಾಕಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಾಳಿನಿಂದ ಬಿಟ್ಟುಕೊಂಡ ಅಂಶವೆಲ್ಲ ಆ ನೀರಲ್ಲಿರುತ್ತದೆ, ಸೂಕ್ಷ್ಮಜೀವಿಗಳಿಗೆ ಅದೇ ಊಟ. ಸಿಪ್ಪೆಯನ್ನು ತಿನ್ನುವಾಗಲೇ ಸುಲಿಯಿರಿ. ಸುಲಿಯುವಾಗ ಕೈ ತಗಲುತ್ತದೆ, ಸುಲಿದ ಕಾಳು ಇನ್ನೂ ಬೇಗ ಕೆಡುತ್ತದೆ.

ಒಣದ್ರಾಕ್ಷಿ, ಅಂಜೂರಗಳನ್ನು ಅದೇ ಡಬ್ಬಿಗೆ ಸೇರಿಸಬೇಡಿ. ಅವನ್ನು ಕಾಯುವುದು ಒಳಗೆ ಗಟ್ಟಿಯಾಗಿ ತುಂಬಿದ ಸಕ್ಕರೆ. ನೀರು ಹೀರಿದೊಡನೆ ಸಕ್ಕರೆ ತೆಳುವಾಗಿ ಯೀಸ್ಟ್‌ಗೆ ಹದವಾಗುತ್ತದೆ. ನೀರಿನ ಮೇಲೆ ಸಣ್ಣ ಗುಳ್ಳೆ, ಮುಚ್ಚಳ ತೆರೆದಾಗ ಹೆಂಡದ ಘಾಟು ಬಂದರೆ ಹುದುಗು ಶುರುವಾಗಿದೆ ಎಂದರ್ಥ. ರಾತ್ರಿ ನೆನೆಸಿ ಬೆಳಿಗ್ಗೆ ನೀರಿನ ಸಮೇತ ಮುಗಿಸುವುದೇ ಇವಕ್ಕೆ ಸರಿ.

ಬಾದಾಮಿಯಲ್ಲಿ ಲೋಳೆ, ಹುಳಿವಾಸನೆ ಕಂಡರೆ ತೊಳೆದು ಉಳಿಸಿಕೊಳ್ಳಲು ಹೋಗಬೇಡಿ. ಹಾಗಂತ ವಾಸನೆ ಇಲ್ಲದಿದ್ದರೆ ಕ್ಷೇಮ ಎಂದೂ ಅಲ್ಲ. ಸಾಲ್ಮೊನೆಲ್ಲಾ ರುಚಿಯಲ್ಲಾಗಲಿ ಬಣ್ಣದಲ್ಲಾಗಲಿ ಸುಳಿವು ಕೊಡುವುದಿಲ್ಲ. ಹಾಗಾಗಿ ಮೂಗಿಗಿಂತ ನೆನೆಸಿದ ದಿನದ ಲೆಕ್ಕವನ್ನೇ ನಂಬಬೇಕು. ಒಂದು ಕಾಳಿಗೆ ಬೂಷ್ಟು ಹಿಡಿದಿದ್ದರೂ ಡಬ್ಬಿಯಲ್ಲಿರುವುದನ್ನೆಲ್ಲ ಎಸೆಯಿರಿ. ಹುರಿದು ಬಳಸಿದರಾಯಿತು ಎನ್ನುವುದೂ ಬೇಡ, ಕೆಲವು ಬೂಷ್ಟುಗಳ ವಿಷ ಒಲೆಯ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ.