ಒಂದೇ ಛಾವಣಿ, ಎರಡು ಉತ್ತರ

ಪುಣೆಯಿಂದ ಅಹಿಲ್ಯಾನಗರದ ರಸ್ತೆಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಹೋದರೆ ರಾಂಜಣಗಾಂವ. ಭಕ್ತರಿಗೆ ಅದು ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ಕೆಲಸಕ್ಕೆಂದು ಬಂದ ನಮ್ಮಂಥವರಿಗೆ ಅದು ಎಂಐಡಿಸಿ. ಅಲ್ಲಿ ದೊಡ್ಡ ಕಾರು ಮತ್ತು ಫ್ರಿಜ್ ಕಂಪನಿಗಳ ಜೊತೆಗೆ ಸಣ್ಣ ಪುಟ್ಟ ಶೆಡ್‌ಗಳೂ ಇವೆ. ಆ ಶೆಡ್‌ಗಳ ಮಾಲೀಕರು ಈಗ ತಲೆಯೆತ್ತಿ ತಮ್ಮ ಛಾವಣಿಯನ್ನು ನೋಡುತ್ತಿದ್ದಾರೆ: ಮೇಲೆ ಸೋಲಾರ್ ಹಾಕಿಸಿದರೆ ಲಾಭವೋ ನಷ್ಟವೋ?

ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬಿಡಿಭಾಗ ತಯಾರಿಸುವ ಒಂದು ಶೆಡ್ಡು. ನಡೆಸುವವರು ಅಪ್ಪ ಮತ್ತು ಮಗ. 100 ಕಿಲೋವ್ಯಾಟ್ ಸೋಲಾರ್‌ಗೆ 50 ಲಕ್ಷ ರೂಪಾಯಿ. ಹಳೆಯ ಶೀಟು ಆ ಭಾರ ತಡೆಯುವುದಿಲ್ಲ, ಆದ್ದರಿಂದ ಛಾವಣಿ ಬದಲಿಸಲು ಇನ್ನೂ 25 ಲಕ್ಷ. ಒಟ್ಟು 75 ಲಕ್ಷ ಇವತ್ತೇ ಕೈಬಿಡಬೇಕು. ವರ್ಷಕ್ಕೆ 1.4 ಲಕ್ಷ ಯೂನಿಟ್ ವಿದ್ಯುತ್ತು, ಯೂನಿಟ್ಟಿಗೆ ಎಂಟೂವರೆ ರೂಪಾಯಿ ಎಂದರೆ 11.9 ಲಕ್ಷದ ಬಿಲ್ ಉಳಿತಾಯ. ಪ್ಯಾನಲ್ ತೊಳೆಯುವುದು, ವಿಮೆ, ಮುಂದೊಂದು ದಿನ ಇನ್ವರ್ಟರ್ ಬದಲಿಸಲು ತೆಗೆದಿಡುವ ಹಣ ಎಲ್ಲ ಸೇರಿ 1.4 ಲಕ್ಷ ಕಳೆಯಿರಿ. ಉಳಿಯುವುದು ವರ್ಷಕ್ಕೆ 10.5 ಲಕ್ಷ, ಇಪ್ಪತ್ತು ವರ್ಷ. ತೆರಿಗೆಯನ್ನೂ ಪ್ಯಾನಲ್ ವರ್ಷವರ್ಷ ಸ್ವಲ್ಪ ಸೊರಗುವುದನ್ನೂ ಸದ್ಯಕ್ಕೆ ಬದಿಗಿಡೋಣ.

ಕೂಡಿಸಿದರೆ 210 ಲಕ್ಷ. 75 ಹಾಕಿ 210 ಬಂದರೆ ಯಾರು ಬೇಡ ಅಂತಾರೆ? ಆದರೆ ಹಾಗೆ ಕೂಡಿಸುವಂತಿಲ್ಲ. ಇವತ್ತಿನ 100 ರೂಪಾಯಿ ಒಂಬತ್ತರ ಬಡ್ಡಿಯಲ್ಲಿ ಮುಂದಿನ ವರ್ಷ 109 ಆಗುತ್ತದೆ. ಅಂದರೆ ಮುಂದಿನ ವರ್ಷ ಸಿಗುವ 109ಕ್ಕೆ ಇವತ್ತಿನ ಬೆಲೆ 100. ಹೀಗೆ ಪ್ರತಿ ವರ್ಷದ ಹಣವನ್ನೂ ಇವತ್ತಿನ ಬೆಲೆಗೆ ಇಳಿಸಿ, ಕೂಡಿಸಿ, ಅದರಿಂದ ಹಾಕಿದ ಬಂಡವಾಳ ಕಳೆದರೆ ಉಳಿಯುವುದೇ ನಿವ್ವಳ ವರ್ತಮಾನ ಮೌಲ್ಯ. ಆಫೀಸಿನ ಬಾಯಲ್ಲಿ ಎನ್‌ಪಿವಿ. ಅದು ಸೊನ್ನೆಗಿಂತ ಮೇಲಿದ್ದರೆ ಮಾಡು, ಕೆಳಗಿದ್ದರೆ ಬಿಡು. ಇಳಿಸಲು ಬಳಸುವ ಶೇಕಡಾವಾರು ಡಿಸ್ಕೌಂಟ್ ದರ.

ಮಗ ಬ್ಯಾಂಕಿನವರು ಹೇಳಿದ 9% ಹಾಕಿ ಲೆಕ್ಕ ಮಾಡುತ್ತಾನೆ. ಇಪ್ಪತ್ತು ವರ್ಷದ ಉಳಿತಾಯದ ಇವತ್ತಿನ ಬೆಲೆ 95.8 ಲಕ್ಷ. 75 ಕಳೆದರೆ ಸುಮಾರು 21 ಲಕ್ಷ ಲಾಭ. "ಅಪ್ಪ, ನಾಳೆಯೇ ಆರ್ಡರ್ ಕೊಡೋಣ" ಅನ್ನುತ್ತಾನೆ. ಅಪ್ಪನದು ಬೇರೆ ಲೆಕ್ಕ. ಮೂವತ್ತು ವರ್ಷ ಧಂದೆ ಮಾಡಿದವರು, ಹದಿನೈದು ಸಿಗದ ಕಡೆ ದುಡ್ಡು ಹಾಕಿದವರಲ್ಲ. 15% ಹಾಕಿದರೆ ಅದೇ ಉಳಿತಾಯದ ಬೆಲೆ 65.7 ಲಕ್ಷಕ್ಕೆ ಇಳಿಯುತ್ತದೆ. 75 ಕಳೆದರೆ 9.3 ಲಕ್ಷ ನಷ್ಟ. ಪ್ಯಾನಲ್ ಅದೇ, ಬಿಸಿಲು ಅದೇ, ಬಿಲ್ಲೂ ಅದೇ. ಉತ್ತರ ಮಾತ್ರ ತಿರುಗಿಬಿತ್ತು.

ಹೊಡೆತ ಎಲ್ಲಿ ಬಿತ್ತು ಎಂದು ಬಿಡಿಸಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೊದಲ ಹತ್ತು ವರ್ಷದ ಉಳಿತಾಯ ಮಗನ ದರದಲ್ಲಿ 67.4 ಲಕ್ಷ, ಅಪ್ಪನ ದರದಲ್ಲಿ 52.7 ಲಕ್ಷ, ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕರಗಿತು. ಕೊನೆಯ ಹತ್ತು ವರ್ಷದ್ದು 28.5ರಿಂದ 13 ಲಕ್ಷಕ್ಕೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಇಪ್ಪತ್ತನೇ ವರ್ಷದ ಹತ್ತೂವರೆ ಲಕ್ಷವನ್ನು ಅಪ್ಪ ಇವತ್ತು ಅರವತ್ನಾಲ್ಕು ಸಾವಿರಕ್ಕೆ ಮಾತ್ರ ಕೊಂಡಾರು. ಬಂಡವಾಳ ಇವತ್ತೇ ಹೋಗುವುದರಿಂದ ಅದರ ಬೆಲೆಯನ್ನು ಯಾವ ದರವೂ ಮುಟ್ಟುವುದಿಲ್ಲ. ಹಾಗಾಗಿ ದರ ಏರಿದಷ್ಟೂ, ನಿಧಾನವಾಗಿ ದುಡಿದು ಕೊಡುವ ಯೋಜನೆಗಳೇ ಮೊದಲು ಮುಗ್ಗರಿಸುತ್ತವೆ.

ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಯಾರಾದರೂ ಮಾಡಿ ನೋಡಬಹುದು. ಬಿ1ರಲ್ಲಿ −75, ಅದರ ಕೆಳಗಿನ ಇಪ್ಪತ್ತು ಮನೆಗಳಲ್ಲಿ 10.5, ಡಿ1ರಲ್ಲಿ ದರ:

```
=B1+NPV(D1,B2:B21)
```

ಡಿ1ನ್ನು ಒಂದೊಂದೇ ಏರಿಸುತ್ತ ಹೋಗಿ. 12ಕ್ಕೆ ಇನ್ನೂ 3.4 ಲಕ್ಷ ಲಾಭ, 14ಕ್ಕೆ ಐದೂವರೆ ಲಕ್ಷ ನಷ್ಟ. ಸುಮಾರು 12.7ರ ಬಳಿ ಸೊನ್ನೆ ದಾಟುತ್ತದೆ. ಜಗಳವೇನಿದ್ದರೂ ನಿಮ್ಮ ದರ ಈ ಗಡಿಯ ಆಚೆಗೋ ಈಚೆಗೋ ಅನ್ನುವುದರ ಮೇಲೆ ಮಾತ್ರ. ನಿಮ್ಮ ದರ 8ರಿಂದ 11ರ ನಡುವೆ ಎಲ್ಲೋ ಇದೆ ಎಂದಾದರೆ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ಹಾಗಾದರೆ ಯಾರದ್ದು ಸರಿ? ಮಗನ 9% ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ಬ್ಯಾಂಕು ಅಗ್ಗಕ್ಕೆ ಸಾಲ ಕೊಡುವುದು ಛಾವಣಿ ನೋಡಿ ಅಲ್ಲ. ಜಾಗ, ಯಂತ್ರ, ಅಪ್ಪನ ಮೂವತ್ತು ವರ್ಷದ ಹೆಸರು ನೋಡಿ. ಆ ಸಾಲದ ಹಿಂದೆ ಸ್ವಂತ ಬಂಡವಾಳ ನಿಂತಿದೆ. ಅದಕ್ಕೂ ಒಂದು ಬೆಲೆ ಇದೆ. ನೂರರಲ್ಲಿ ಅರವತ್ತು ಪಾಲು ಹತ್ತರ ಸಾಲ, ನಲವತ್ತು ಪಾಲು ಹದಿನೆಂಟು ಬಯಸುವ ಸ್ವಂತ ಹಣ ಎಂದಿಟ್ಟುಕೊಂಡರೆ ಸರಾಸರಿ 13.2% ಆಗುತ್ತದೆ. ಆ ದರದಲ್ಲಿ ಯೋಜನೆ ಎರಡು ಲಕ್ಷದಷ್ಟು ಕೆಳಗೆ ಬೀಳುತ್ತದೆ. ಇಲ್ಲಿಗೆ ಅಪ್ಪ ಗೆದ್ದ ಹಾಗೆ ಕಾಣುತ್ತದೆ.

ಆದರೆ ಅಪ್ಪನ ಲೆಕ್ಕದಲ್ಲೂ ಒಂದು ತೂತಿದೆ, ಅದು ಓದಿದವರ ಲೆಕ್ಕದಲ್ಲೂ ಆಗಾಗ ಕಾಣಸಿಗುತ್ತದೆ. ಅವರ 15% ಅನ್ನುವುದು ಬೆಲೆಯೇರಿಕೆಯನ್ನೂ ಒಳಗೊಂಡ ದರ. ಬೆಲೆಗಳು ವರ್ಷಕ್ಕೆ ಐದರಂತೆ ಏರುತ್ತವೆ ಎಂಬುದು ಗೊತ್ತಿದ್ದೇ ಅವರು ಹದಿನೈದು ಕೇಳುತ್ತಾರೆ. ಇತ್ತ ಉಳಿತಾಯವನ್ನು ಮಾತ್ರ ಇಪ್ಪತ್ತು ವರ್ಷವೂ ಇವತ್ತಿನ ಎಂಟೂವರೆ ರೂಪಾಯಿಗೇ ಕಟ್ಟಿಹಾಕಿದ್ದೇವೆ. ಒಂದು ಕಡೆ ಬೆಲೆಯೇರಿಕೆ ಇದೆ, ಇನ್ನೊಂದು ಕಡೆ ಇಲ್ಲ. ಇವತ್ತಿನ ಬೆಲೆಯ ಉಳಿತಾಯಕ್ಕೆ ಬೆಲೆಯೇರಿಕೆ ತೆಗೆದ ದರವನ್ನೇ ಹಾಕಬೇಕು: 1.15ನ್ನು 1.05ರಿಂದ ಭಾಗಿಸಿದರೆ ಸುಮಾರು 9.5%. ಈಗ ಎನ್‌ಪಿವಿ ಹದಿನೇಳೂವರೆ ಲಕ್ಷ ಲಾಭ! ಅಪ್ಪ ಕೇಳಿದ ಹದಿನೈದನ್ನು ಕೊಟ್ಟ ಮೇಲೂ ಉಳಿಯುವ ಲಾಭ ಇದು.

ಇದು ಸುಮ್ಮನೆ ಬರುವ ಲಾಭವಲ್ಲ. ವಿದ್ಯುತ್ ದರವೂ ಉಳಿದ ಬೆಲೆಗಳ ಜೊತೆ ಹೆಜ್ಜೆ ಹಾಕಿದರೆ ಮಾತ್ರ ಈ ಅಂಕಿ ನಿಲ್ಲುತ್ತದೆ. ಸೋಲಾರ್ ಹೆಚ್ಚಿದಂತೆ ಹಗಲಿನ ವಿದ್ಯುತ್ತು ಅಗ್ಗವಾಗಬಹುದು, ನಮ್ಮ ಪ್ಯಾನಲ್ ದುಡಿಯುವುದೂ ಅದೇ ಹೊತ್ತಿನಲ್ಲಿ. ಅಪ್ಪನ ಮನಸ್ಸಿನಲ್ಲಿರುವುದು ಈ ಭಯವೇ ಆದರೆ ಅದನ್ನು ದರದೊಳಗೆ ಬಚ್ಚಿಡಬಾರದು. "ರಿಸ್ಕ್ ಇದೆ, ಇನ್ನೆರಡು ಪರ್ಸೆಂಟ್ ಸೇರಿಸು" ಅಂದರೆ ಆ ಎರಡು ವರ್ಷದಿಂದ ವರ್ಷಕ್ಕೆ ಗುಣಿಸಿಕೊಂಡು ದೂರದ ವರ್ಷಗಳನ್ನು ನುಂಗುತ್ತದೆ. ಅದರ ಬದಲು ಯೂನಿಟ್ಟಿಗೆ ಎಂಟೂವರೆ ಇರುವಲ್ಲಿ ಏಳು ಬರೆದು ನೋಡಿ. ಉಳಿತಾಯ 8.4 ಲಕ್ಷಕ್ಕೆ ಇಳಿಯುತ್ತದೆ, ಅದೇ 9.5%ರಲ್ಲಿ ಎನ್‌ಪಿವಿ ಒಂದು ಲಕ್ಷದಷ್ಟು ಕೆಳಗೆ ಹೋಗುತ್ತದೆ. ಆಗ ಅಪ್ಪ ಮಗ ಇಬ್ಬರೂ ಮಾತಾಡಬೇಕಾದ್ದು ದರದ ಬಗ್ಗೆ ಅಲ್ಲ, ಹಗಲಿನ ಯೂನಿಟ್ಟಿನ ಬೆಲೆಯ ಬಗ್ಗೆ ಎಂಬುದು ಕಾಣುತ್ತದೆ.

ಈ ಜಗಳ ಶೆಡ್ಡಿನೊಳಗೆ ಮಾತ್ರ ಇಲ್ಲ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕು ಯೋಜನೆಗಳನ್ನು ಅಳೆಯಲು ಬಹುಕಾಲ 12% ಬಳಸುತ್ತಿತ್ತು. 2017ರಲ್ಲಿ ಅದನ್ನು 9%ಕ್ಕೆ ಇಳಿಸಿತು. ಹವಾಮಾನ ಬದಲಾವಣೆಯ ಬಗ್ಗೆ 2006ರಲ್ಲಿ ಬ್ರಿಟನ್ನಿನ ನಿಕೊಲಸ್ ಸ್ಟರ್ನ್ ತಕ್ಷಣವೇ ದೊಡ್ಡ ಖರ್ಚು ಮಾಡಬೇಕೆಂದರು, ಅಮೆರಿಕದ ವಿಲಿಯಂ ನಾರ್ಡ್‌ಹೌಸ್ ನಿಧಾನವಾಗಿ ಏರಿಸುತ್ತ ಹೋಗಬೇಕೆಂದರು. ವಿಜ್ಞಾನದಲ್ಲಿ ಇಬ್ಬರಿಗೂ ಅಂಥ ಭೇದವಿರಲಿಲ್ಲ. ಸ್ಟರ್ನ್ ದರ ಸುಮಾರು 1.4%, ನಾರ್ಡ್‌ಹೌಸ್ ದರ ಅದರ ಮೂರು ನಾಲ್ಕು ಪಟ್ಟು. ನೂರು ವರ್ಷದ ಲೆಕ್ಕದಲ್ಲಿ ಅಷ್ಟು ಸಾಕಾಯಿತು.

ಅಪ್ಪ ಮಗನ ಮುಂದೆ ಇರುವುದು ಇಪ್ಪತ್ತೇ ವರ್ಷ. ಅವರು ಮೊದಲು ಮಾಡಬೇಕಾದ ಕೆಲಸ, ವಿದ್ಯುತ್ ಬಿಲ್ಲಿನಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಯೂನಿಟ್ಟಿಗೆ ನಿಜಕ್ಕೂ ಎಷ್ಟು ಬೀಳುತ್ತಿದೆ ಎಂದು ಹುಡುಕುವುದು.