‘ಹೋಗ್ತಿಲ್ಲ’ ಮತ್ತು ‘ನಿಲ್ತಿಲ್ಲ’: ನಡುವೆ ಒಂದು ಲೀಟರ್ ನೀರು

ಹೊಟ್ಟೆ ವಿಷಯಕ್ಕೆ ನಮ್ಮ ಮೆಡಿಕಲ್ ಶಾಪಿಗೆ ಬರೋರಲ್ಲಿ ಎರಡು ಬಗೆ. ‘ಮೂರು ದಿನದಿಂದ ಹೋಗ್ತಿಲ್ಲ, ಏನಾದ್ರೂ ಕೊಡಿ’ ಅನ್ನೋರು ಒಂದು. ‘ಬೆಳಗ್ಗೆಯಿಂದ ನಿಲ್ತಿಲ್ಲ, ಏನಾದ್ರೂ ಕೊಡಿ’ ಅನ್ನೋರು ಇನ್ನೊಂದು. ಮೊದಲನೆಯವರು ಸುತ್ತಮುತ್ತ ನೋಡಿ ಪಿಸುಗುಟ್ಟುತ್ತಾರೆ, ಎರಡನೆಯವರಿಗೆ ಅಷ್ಟು ಪುರಸೊತ್ತು ಇರೋದಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ ಅಂತ ನಾವು ಅಂದ್ಕೋತೀವಿ. ಔಷಧಿ ಕೊಡೋ ಕಡೆಯಿಂದ ನೋಡಿದರೆ ಎರಡೂ ಕರುಳಿನಲ್ಲಿರುವ ನೀರಿನ ಲೆಕ್ಕವೇ.

ನಾವು ದಿನಕ್ಕೆ ಕುಡಿಯೋದು, ತಿನ್ನೋದು ಎಲ್ಲ ಸೇರಿ ಸುಮಾರು ಎರಡು ಲೀಟರ್ ನೀರು. ಅದರ ಜೊತೆಗೆ ಜೊಲ್ಲು, ಜಠರ ರಸ, ಪಿತ್ತ, ಕರುಳಿನ ರಸ ಅಂತ ದೇಹವೇ ಇನ್ನೊಂದು ಏಳು ಲೀಟರ್ ಸುರಿಯುತ್ತದೆ. ಈ ಒಂಬತ್ತು ಲೀಟರ್‌ನಲ್ಲಿ ಬಹುಪಾಲನ್ನು ಸಣ್ಣ ಕರುಳು, ಉಳಿದದ್ದರಲ್ಲಿ ಹೆಚ್ಚಿನದನ್ನು ದೊಡ್ಡ ಕರುಳು ವಾಪಸ್ ಹೀರಿಕೊಂಡು, ಕೊನೆಗೆ ಮಲದ ಜೊತೆ ಹೊರಗೆ ಹೋಗೋದು ಒಂದು ಲೋಟದಷ್ಟೂ ಇಲ್ಲ. ಹೀರುವಿಕೆ ಹೆಚ್ಚಾದರೆ ಮಲ ಕಲ್ಲಾಗುತ್ತದೆ. ಕಡಿಮೆಯಾದರೆ, ಅಥವಾ ಒಳಗೆ ಸುರಿಯೋದು ಹೆಚ್ಚಾದರೆ, ಭೇದಿ.

ಮಲಬದ್ಧತೆಯ ಔಷಧಿಗಳು ಈ ಲೆಕ್ಕವನ್ನು ಬೇರೆ ಬೇರೆ ಕಡೆಯಿಂದ ಬದಲಿಸುತ್ತವೆ. ಇಸಬ್‌ಗೋಲ್ ನೀರನ್ನು ಹಿಡಿದುಕೊಂಡು ಲೋಳೆಯಂತೆ ಉಬ್ಬಿ, ಕರುಳಿಗೆ ತಳ್ಳಲು ಒಂದು ಗಾತ್ರ ಕೊಡುತ್ತದೆ. ಅದಕ್ಕೇ ಅದನ್ನು ಕಡಿಮೆ ನೀರಲ್ಲಿ ನುಂಗಬಾರದು, ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ಲ್ಯಾಕ್ಟುಲೋಸ್ ಸಿರಪ್ ಕರುಳಿಗೆ ಜೀರ್ಣವಾಗದ ಸಕ್ಕರೆ. ತಾನು ಹೀರಲ್ಪಡದೆ ಅಲ್ಲೇ ಕೂತು ನೀರನ್ನು ತನ್ನ ಕಡೆ ಎಳೆಯುತ್ತದೆ. ಮಿಲ್ಕ್ ಆಫ್ ಮೆಗ್ನೀಷಿಯಾ, ಪಾಲಿಇಥಿಲೀನ್ ಗ್ಲೈಕಾಲ್ ಪುಡಿ ಇವೂ ನೀರನ್ನು ಕರುಳಿನೊಳಗೆ ಉಳಿಸುವ ಇದೇ ಗುಂಪು. ಬಿಸಾಕೊಡಿಲ್ ಮಾತ್ರೆ, ಸೋನಾಮುಖಿ ಎಲೆ, ನಮ್ಮಜ್ಜಿಯರ ಹರಳೆಣ್ಣೆ ಇವು ಬೇರೆ ಜಾತಿ. ಕರುಳಿನ ಗೋಡೆಯನ್ನೇ ಕೆರಳಿಸಿ ಹಿಂಡುವಂತೆ ಮಾಡುತ್ತವೆ. ಹೊಟ್ಟೆ ನುಲಿಯೋದು ಇವುಗಳಿಂದಲೇ.

ಈ ವ್ಯತ್ಯಾಸ ಗೊತ್ತಿಲ್ಲದೆ ಆಗೋ ಎಡವಟ್ಟು ಒಂದಿದೆ. ಲ್ಯಾಕ್ಟುಲೋಸ್ ಕೆಲಸ ಮಾಡಲು ಒಂದೆರಡು ದಿನ ಬೇಕು, ಬಿಸಾಕೊಡಿಲ್ ಮಾತ್ರೆಗೆ ಆರರಿಂದ ಹನ್ನೆರಡು ಗಂಟೆ ಸಾಕು. ರಾತ್ರಿ ಸಿರಪ್ ಕುಡಿದು ಬೆಳಗ್ಗೆ ಏನೂ ಆಗಲಿಲ್ಲ ಅಂತ ಮಾತ್ರೆ ನುಂಗ್ತಾರೆ, ಮಾರನೇ ದಿನ ಎರಡೂ ಒಟ್ಟಿಗೆ ಬಂದು ‘ನಿಲ್ತಿಲ್ಲ’ ಗುಂಪಿಗೆ ಸೇರ್ತಾರೆ! ಬಿಸಾಕೊಡಿಲ್ ಮಾತ್ರೆಯನ್ನು ಪುಡಿ ಮಾಡೋದು, ಹಾಲಿನ ಜೊತೆ ನುಂಗೋದು ಎರಡೂ ಬೇಡ. ಅದರ ಮೇಲಿನ ಲೇಪ ಹೊಟ್ಟೆಯಲ್ಲೇ ಕರಗಿ ಉರಿ ಶುರುವಾಗುತ್ತದೆ.

ಈಗ ಲ್ಯಾಕ್ಟುಲೋಸ್ ಮಾಡೋ ಕೆಲಸವನ್ನು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ. ಕರುಳಿನಲ್ಲಿ ಹೀರದೆ ಉಳಿದ ಸಕ್ಕರೆ ನೀರನ್ನು ಎಳೆಯುತ್ತದೆ. ಭೇದಿಯಾದ ಮಗುವಿಗೆ ‘ಪಾಪ, ಸುಸ್ತಾಗಿದೆ’ ಅಂತ ಕೂಲ್ ಡ್ರಿಂಕ್ಸು, ಪ್ಯಾಕೆಟ್ ಜ್ಯೂಸು, ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ನೀರು ಕುಡಿಸ್ತಾರಲ್ಲ, ಅಲ್ಲಿ ಆಗೋದೂ ಅದೇ. ಇವುಗಳಲ್ಲಿ ಸಕ್ಕರೆ ರಕ್ತದಲ್ಲಿರುವ ಸಾಂದ್ರತೆಯನ್ನು ಎಷ್ಟೋ ಮೀರಿರುತ್ತದೆ. ಹೀರಿಕೊಳ್ಳೋಕೆ ಆಗದೆ ಉಳಿದದ್ದು ಮಗುವಿನ ಮೈಯಿಂದಲೇ ನೀರನ್ನು ಕರುಳಿಗೆ ಎಳೆಯುತ್ತದೆ. ಭೇದಿಗೆ ಭೇದಿ ಔಷಧಿ ಕೊಟ್ಟ ಹಾಗೆ.

ಹಾಗಾದರೆ ಓಆರ್‌ಎಸ್‌ನಲ್ಲೂ ಸಕ್ಕರೆ ಇದೆಯಲ್ಲ? ಇದೆ. ಆದರೆ ಅದು ಶಕ್ತಿಗೆ ಹಾಕಿದ್ದಲ್ಲ. ಉಪ್ಪನ್ನು ಒಳಗೆ ಕರೆದುಕೊಂಡು ಹೋಗೋಕೆ ಹಾಕಿದ್ದು.

ಸಣ್ಣ ಕರುಳಿನ ಗೋಡೆಯ ಜೀವಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಗ್ಲೂಕೋಸ್ ಒಂಟಿಯಾಗಿ ಬಂದರೆ ಅದು ತೆರೆಯೋದಿಲ್ಲ, ಸೋಡಿಯಂ ಒಂಟಿಯಾಗಿ ಬಂದರೂ ಇಲ್ಲ. ಇಬ್ಬರೂ ಜೊತೆಯಾಗಿ ಬಂದರೆ ಮಾತ್ರ ಒಳಗೆ ಬಿಡುತ್ತದೆ. ಅವರು ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಈ ಜೋಡಿ ಪ್ರಯಾಣದ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಮುಂದಿಟ್ಟರು. ಇದರಲ್ಲಿ ನಮಗೆ ಬೇಕಾದ ಅಂಶವೆಂದರೆ, ಕಾಲರಾದಂಥ ಕಾಯಿಲೆಯಲ್ಲಿ ರೋಗಾಣುವಿನ ವಿಷ ಕರುಳು ನೀರು ಸುರಿಯುವ ನಲ್ಲಿಯನ್ನು ತೆರೆದಿಟ್ಟುಬಿಡುತ್ತದೆ, ಆದರೆ ಈ ಬಾಗಿಲನ್ನು ಕೆಡಿಸೋದಿಲ್ಲ. ಒಂದು ಕಡೆ ಸುರೀತಾ ಇದ್ದರೂ ಇನ್ನೊಂದು ಕಡೆಯಿಂದ ತುಂಬಬಹುದು.

ಅದಕ್ಕೇ ‘ಓಆರ್‌ಎಸ್ ಕುಡಿಸಿದ್ರೂ ನಿಲ್ಲಲಿಲ್ಲ’ ಅನ್ನೋ ದೂರಿಗೆ ಅರ್ಥವಿಲ್ಲ. ಅದು ನಿಲ್ಲಿಸೋ ಔಷಧಿಯೇ ಅಲ್ಲ. ಹೆಚ್ಚಿನ ಭೇದಿ ಕೆಲವು ದಿನಗಳಲ್ಲಿ ತಾನಾಗೇ ನಿಲ್ಲುತ್ತದೆ, ಅಲ್ಲಿವರೆಗೆ ಮಗುವನ್ನು ಒಣಗದಂತೆ ಕಾಯೋದು ಓಆರ್‌ಎಸ್‌ನ ಕೆಲಸ.

ಇದು ದೊಡ್ಡ ಮಟ್ಟದಲ್ಲಿ ಪರೀಕ್ಷೆಗೆ ಒಳಗಾಗಿದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ಸಮಯದಲ್ಲಿ. ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು, ನರಕ್ಕೆ ಏರಿಸುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಸೋಡಾಪುಡಿ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಲು ಹೇಳಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಈ ನೀರು ಕುಡಿದವರಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಬದುಕಿದ್ದಾಗ ಬರಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಈಗಿನ ಪ್ಯಾಕೆಟ್ ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ತಿದ್ದಿದ ಸೂತ್ರದ್ದು. ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್, ಒಟ್ಟು 20.5 ಗ್ರಾಂ. ಪೊಟ್ಯಾಶಿಯಂ ಭೇದಿಯಲ್ಲಿ ಕಳೆದುಹೋದದ್ದಕ್ಕೆ, ಸಿಟ್ರೇಟ್ ರಕ್ತ ಹುಳಿಯಾಗದಿರಲಿಕ್ಕೆ. ಈ ಅಳತೆಯಲ್ಲಿ ಕಲಸಿದ ನೀರು ರಕ್ತಕ್ಕಿಂತ ಸ್ವಲ್ಪ ತೆಳು, ಹಾಗಾಗಿ ನೀರು ಕರುಳಿನಿಂದ ಒಳಕ್ಕೇ ಹೋಗುತ್ತದೆ. ಅಳತೆ ತಪ್ಪಿದರೆ ದಿಕ್ಕೇ ತಪ್ಪುತ್ತದೆ.

ಅಳತೆ ಹೇಗೆ ತಪ್ಪುತ್ತೆ ಅನ್ನೋದಕ್ಕೆ ಹೋದ ಬೇಸಿಗೆಯಲ್ಲಿ ಕಂಡದ್ದನ್ನು ಹೇಳ್ತೀನಿ. ಹಳ್ಳಿಯಿಂದ ಬಂದ ಒಬ್ಬ ತಾಯಿ, ಒಂದೂವರೆ ವರ್ಷದ ಮಗು, ಸುಮಾರು ಹತ್ತು ಕೆ.ಜಿ. ‘ಅಣ್ಣಾ, ಹಿಂದಿನ ಸಲ ಕೊಟ್ಟ ಪುಡಿ ಬೇಡ, ಉಪ್ಪುಪ್ಪು ಅಂತ ಉಗಿದುಬಿಡ್ತು’ ಅಂದ್ರು.

‘ಎಷ್ಟು ನೀರಿಗೆ ಹಾಕಿದ್ರಿ ಅಕ್ಕಾ?’

‘ಒಂದ್ ಲೋಟಕ್ಕೆ. ಮಗು ಒಂದು ಲೀಟರ್ ಎಲ್ಲಿ ಕುಡಿಯುತ್ತೆ?’

ಯೋಚನೆ ಸಹಜವೇ. ಆದರೆ ಲೀಟರಿನ ಪುಡಿ 200 ಮಿ.ಲೀ. ಲೋಟಕ್ಕೆ ಬಿದ್ದರೆ ಐದು ಪಟ್ಟು ಗಟ್ಟಿ. ಅದರ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಎರಡೂವರೆ ಪಟ್ಟು ಮೀರಿ ಸಮುದ್ರದ ನೀರಿನ ಕಡೆಗೆ ಹೋಗುತ್ತದೆ. ಕುಡಿದ ಮಗುವಿಗೆ ಬಾಯಾರಿಕೆ ಹೆಚ್ಚಿ ರಚ್ಚೆ ಹಿಡಿಯುತ್ತದೆ, ರಕ್ತದಲ್ಲಿ ಉಪ್ಪು ಏರಿದರೆ ಫಿಟ್ಸ್ ಕೂಡ ಬರಬಹುದು. ಆ ಮಗು ಉಗಿದದ್ದೇ ಒಳ್ಳೆಯದಾಯಿತು. ಪುಡಿಯನ್ನು ಕಾಲು ಭಾಗ ಅಂತ ಕಣ್ಣಂದಾಜಿನಲ್ಲಿ ಹಾಕೋದೂ ಸರಿಯಲ್ಲ, ಪ್ಯಾಕೆಟ್ಟಿನಲ್ಲಿ ಉಪ್ಪು, ಗ್ಲೂಕೋಸ್ ಎಲ್ಲಾ ಕಡೆ ಒಂದೇ ಸಮ ಇರೋದಿಲ್ಲ. ಒಂದು ಲೀಟರಿನ ನೀರಿನ ಬಾಟಲಿಯಷ್ಟು ಕುದಿಸಿ ಆರಿಸಿದ ನೀರಿಗೆ ಇಡೀ ಪ್ಯಾಕೆಟ್ ಸುರಿದು, 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಅಷ್ಟು ಬೇಡ ಅಂದರೆ 200 ಮಿ.ಲೀ.ಗೆ ಅಂತಲೇ ಬರೆದಿರೋ ಚಿಕ್ಕ ಸ್ಯಾಷೆ ಕೇಳಿ. ಬೆರೆಸಿದ ಮೇಲೆ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು.

ಆ ಮಗುವಿನ ಕಣ್ಣು ಸ್ವಲ್ಪ ಒಳಗೆ ಹೋಗಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದಿರುಗುತ್ತಿತ್ತು, ನೀರು ತೋರಿಸಿದರೆ ಆತುರದಿಂದ ಬಾಯಿ ಹಾಕುತ್ತಿತ್ತು. ಇದು ಮನೆಯಲ್ಲೇ ನೋಡಿಕೊಳ್ಳೋ ಹಂತ ದಾಟಿದ ಲಕ್ಷಣ, ಎದುರಿನ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಡಾಕ್ಟರು ಕೂರಿಸಿ ಕುಡಿಸಿದ ಲೆಕ್ಕ ಹೀಗಿತ್ತು: ಕೆ.ಜಿ.ಗೆ 75 ಮಿ.ಲೀ., ಅಂದರೆ ಹತ್ತು ಕೆ.ಜಿ.ಗೆ 750 ಮಿ.ಲೀ., ನಾಲ್ಕು ಗಂಟೆಯಲ್ಲಿ. ದೊಡ್ಡದಾಗಿ ಕಾಣುತ್ತೆ, ಆದರೆ ಟೀ ಚಮಚದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನಕ್ಕೆ ಮತ್ತೆ ಶುರು. ಲೋಟದಲ್ಲಿ ಗಟಗಟ ಕುಡಿಸಿದರೆ ವಾಂತಿ ಹೆಚ್ಚು. ಒಣಗಿದ ಲಕ್ಷಣ ಇನ್ನೂ ಕಾಣದ ಮಕ್ಕಳಿಗೆ ಮನೆಯಲ್ಲಿ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಸಾಕು, ಎರಡು ವರ್ಷ ದಾಟಿದವರಿಗೆ ಅದರ ಎರಡರಷ್ಟು. ಎದೆಹಾಲು, ಊಟ ನಿಲ್ಲಿಸಬಾರದು. ಮಂಕಾಗಿ ಎಬ್ಬಿಸಿದರೂ ಏಳದ, ಕುಡಿಯೋಕೆ ಆಗದ ಮಗುವಿಗೆ ಚಮಚ ಹಿಡಿದು ಕೂರೋದಲ್ಲ, ತಕ್ಷಣ ಆಸ್ಪತ್ರೆ.

ಪ್ಯಾಕೆಟ್ ಸಿಗದಿದ್ದಾಗ ಒಂದು ಲೀಟರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ನಡೆಯುತ್ತೆ, ಪೊಟ್ಯಾಶಿಯಂ ಇರೋಲ್ಲ ಅಷ್ಟೆ. ಉಪ್ಪು ಹಾಕಿದ ಅಕ್ಕಿ ಗಂಜಿಯೂ ಒಳ್ಳೆಯದು, ಅದರ ಪಿಷ್ಟ ಕರುಳಿನಲ್ಲಿ ನಿಧಾನಕ್ಕೆ ಗ್ಲೂಕೋಸ್ ಬಿಡುತ್ತದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಜೊತೆಗೆ ಕುಡಿಸಬಹುದು, ಓಆರ್‌ಎಸ್ ಬದಲಿಗೆ ಅಲ್ಲ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳು ಓಆರ್‌ಎಸ್ ಹೆಸರಲ್ಲಿ ವರ್ಷಗಟ್ಟಲೆ ಮಾರಾಟವಾದವು. ಸೂತ್ರಕ್ಕೆ ಹೊಂದದ ಪಾನೀಯದ ಮೇಲೆ ಆ ಹೆಸರು ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಹೆಸರು ನೋಡಬೇಡಿ, ಹಿಂದೆ ಬರೆದಿರೋ ಗ್ರಾಂ ಓದಿ.

ಇನ್ನು ‘ನಿಲ್ಲಿಸೋ ಮಾತ್ರೆ’. ಲೋಪೆರಮೈಡ್ ಅಫೀಮಿನ ಸಂಬಂಧಿಕ. ಹೇಳಿದಷ್ಟು ಪ್ರಮಾಣದಲ್ಲಿ ಅದು ಮಿದುಳನ್ನು ಮುಟ್ಟೋದಿಲ್ಲ, ಕರುಳಿನ ಓಟವನ್ನು ಮಾತ್ರ ನಿಧಾನ ಮಾಡುತ್ತದೆ. ಬಸ್ಸಿನಲ್ಲಿ ಹೋಗಲೇಬೇಕಾದ ದೊಡ್ಡವರಿಗೆ ಉಪಯೋಗವೇ. ಆದರೆ ನಲ್ಲಿ ಮುಚ್ಚಿಲ್ಲ, ಬಾಗಿಲು ಹಾಕಿದ್ದು ಅಷ್ಟೆ. ಸುರಿದ ನೀರು ಉಬ್ಬಿದ ಕರುಳಿನಲ್ಲೇ ನಿಲ್ಲಬಹುದು, ಆಗ ಭೇದಿ ನಿಂತಂತೆ ಕಂಡರೂ ಮೈ ಒಣಗ್ತಾನೇ ಇರುತ್ತೆ. ಚಿಕ್ಕ ಮಕ್ಕಳಿಗೆ ಇದು ಬೇಡವೇ ಬೇಡ. ಜ್ವರ ಅಥವಾ ರಕ್ತ ಇದ್ದರೆ ದೊಡ್ಡವರಿಗೂ ಬೇಡ, ರೋಗಾಣು ಒಳಗೇ ಉಳಿಯುತ್ತದೆ. ರೇಸಿಕಾಡೋಟ್ರಿಲ್ ಇದಕ್ಕಿಂತ ಭಿನ್ನ. ಓಟವನ್ನು ಮುಟ್ಟದೆ ನೀರು ಸುರಿಯೋದನ್ನು ಕಡಿಮೆ ಮಾಡುತ್ತದೆ. ಡಾಕ್ಟರು ಮಕ್ಕಳಿಗೂ ಕೆಲವೊಮ್ಮೆ ಬರೆಯುತ್ತಾರೆ, ಆದರೂ ಓಆರ್‌ಎಸ್ ಜೊತೆಗೇ.

ಆ ತಾಯಿ ಸಂಜೆ ಮಗು ಎತ್ತಿಕೊಂಡು ಚೀಟಿ ತಂದರು, ಮಗು ಮೂತ್ರ ಮಾಡಿತ್ತಂತೆ. ಚೀಟಿಯಲ್ಲಿ ಇದ್ದದ್ದು ಓಆರ್‌ಎಸ್ ಮತ್ತು ಜಿಂಕ್, ಬೇರೆ ಏನೂ ಇಲ್ಲ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, ಹದಿನಾಲ್ಕು ದಿನ. ಭೇದಿ ಬೇಗ ಮುಗಿಯಲು, ಮುಂದಿನ ಕೆಲವು ತಿಂಗಳು ಮತ್ತೆ ಬರೋದು ಕಡಿಮೆಯಾಗಲು. ‘ಮೂರು ದಿನಕ್ಕೆ ನಿಂತ್ರೆ ಬಿಟ್ಬಿಡ್ಲಾ?’ ಅಂದ್ರು. ಬೇಡ ಅಕ್ಕಾ, ನಿಂತರೂ ಹದಿನಾಲ್ಕು ದಿನ ಅಂತ ಹೇಳಿ, ಮರೆಯದಿರಲಿ ಅಂತ ಡಬ್ಬಿ ಮೇಲೆ ಹದಿನಾಲ್ಕು ಗೆರೆ ಎಳೆದುಕೊಟ್ಟೆ. ದಿನಕ್ಕೊಂದು ಹೊಡೀತಾ ಹೋಗಿ ಅಂದೆ.