ಒಂದು ವೋಲ್ಟ್ ಕೊಟ್ಟರೆ ಒಂದೂಮುಕ್ಕಾಲು ಬಂದದ್ದೇಕೆ?

10 ಮಿಲಿಹೆನ್ರಿಯ ಒಂದು ಇಂಡಕ್ಟರ್, 1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್, 15 ಓಮ್‌ನ ಒಂದು ರೆಸಿಸ್ಟರ್. ಮೂರನ್ನೂ ಸಾಲಾಗಿ ಜೋಡಿಸಿದ ಸರ್ಕ್ಯೂಟ್ ಇದು. ಇಂಡಕ್ಟರಿನ ತಾಮ್ರದ ತಂತಿಗೇ 5 ಓಮ್ ರೋಧ ಇರುವುದರಿಂದ ಒಟ್ಟು 20 ಓಮ್ ಎನ್ನೋಣ. ಇದಕ್ಕೆ ಥಟ್ಟನೆ 1 ವೋಲ್ಟ್ ಕೊಟ್ಟು ಕೆಪಾಸಿಟರಿನ ತುದಿಗಳಿಗೆ ಆಸಿಲೋಸ್ಕೋಪ್ ಹಿಡಿದರೆ, ಗೆರೆ 1 ವೋಲ್ಟಿಗೆ ನಿಲ್ಲುವುದಿಲ್ಲ. 1.73ರವರೆಗೆ ಜಿಗಿದು, ಬಿದ್ದು, ಮತ್ತೆ ಎದ್ದು, ಸುಮಾರು 5 ಮಿಲಿಸೆಕೆಂಡ್ ಓಲಾಡಿದ ಮೇಲೆ ತಹಬಂದಿಗೆ ಬರುತ್ತದೆ.

ಸ್ವಿಚ್ ಹಾಕುವ ಮೊದಲೇ ಇದನ್ನೆಲ್ಲ ಕಾಗದದ ಮೇಲೆ ಹೇಳಿಬಿಡಬಹುದು. ಇಂಡಕ್ಟರಿನ ತಡೆಯನ್ನು sL ಎಂದೂ ಕೆಪಾಸಿಟರಿನದನ್ನು 1/sC ಎಂದೂ ಬರೆದುಕೊಂಡು, ಹೊರಬರುವ ವೋಲ್ಟೇಜನ್ನು ಒಳಕೊಟ್ಟ ವೋಲ್ಟೇಜಿನಿಂದ ಭಾಗಿಸಬೇಕು. ಸಿಗುವ ಭಿನ್ನರಾಶಿಯೇ ಟ್ರಾನ್ಸ್‌ಫರ್ ಫಂಕ್ಷನ್:

H(s) = 10⁸ / (s² + 2000s + 10⁸)

ಛೇದವನ್ನು ಸೊನ್ನೆ ಮಾಡುವ s ಬೆಲೆಗಳು ಪೋಲ್‌ಗಳು. ಅಂಶವನ್ನು ಸೊನ್ನೆ ಮಾಡುವವು ಝೀರೋಗಳು. ಇಲ್ಲಿ ಛೇದ ಬರೀ ವರ್ಗ ಸಮೀಕರಣ. ಹೈಸ್ಕೂಲಿನ ಸೂತ್ರ ಹಾಕಿದರೆ ಸಾಕು, −1000 ± j9950 ಎಂಬ ಜೋಡಿ ಬರುತ್ತದೆ.

ಈ ಎರಡು ಅಂಕಿಗಳಲ್ಲಿ ಪರದೆಯ ಚಿತ್ರ ಪೂರ್ತಿ ಅಡಗಿದೆ. 9950 ಓಲಾಟದ ವೇಗ: 2πಯಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 1584 ಸಲ. ನೈಜ ಭಾಗದ 1000 ಓಲಾಟ ಆರುವ ವೇಗ: ಪ್ರತಿ ಮಿಲಿಸೆಕೆಂಡಿಗೆ ಅದರ ಎತ್ತರ ಮೂರನೇ ಒಂದಕ್ಕಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ಮೈನಸ್ ಚಿಹ್ನೆ ಇರುವುದರಿಂದಲೇ ಅದು ಆರುವುದು. ಅಲ್ಲಿ ಪ್ಲಸ್ ಇದ್ದಿದ್ದರೆ ಓಲಾಟ ಬೆಳೆಯುತ್ತಲೇ ಹೋಗುತ್ತಿತ್ತು.

ಒಟ್ಟು ರೋಧವನ್ನು 200 ಓಮ್‌ಗೆ ಏರಿಸಿದರೆ ಎರಡೂ ಪೋಲ್‌ಗಳು −10000ದಲ್ಲಿ ಒಂದಾಗುತ್ತವೆ. ಜಿಗಿತವಿಲ್ಲದೆ ಗೆರೆ ನೇರ 1 ವೋಲ್ಟಿಗೆ ಹೋಗಿ ಕೂರುತ್ತದೆ. ಹಾಗಾದರೆ ಇನ್ನೂ ಹೆಚ್ಚಿಸಿದರೆ ಇನ್ನೂ ಒಳ್ಳೆಯದೆ? ಅಲ್ಲ. 1000 ಓಮ್‌ಗೆ ಪೋಲ್‌ಗಳು ಬೇರೆಯಾಗಿ, ಒಂದು −99000ದ ಹತ್ತಿರ, ಇನ್ನೊಂದು −1010ಕ್ಕೆ ಬರುತ್ತದೆ. ಓಲಾಟವೇನೋ ಇಲ್ಲ, ಆದರೆ ಆ ನಿಧಾನದ ಪೋಲ್ ಇಡೀ ಸರ್ಕ್ಯೂಟನ್ನು ಹಿಂದಕ್ಕೆ ಎಳೆಯುತ್ತದೆ. ಮತ್ತೆ ಅದೇ 5 ಮಿಲಿಸೆಕೆಂಡ್ ಕಾಯಬೇಕು.

ಇನ್ನು ಝೀರೋ. ಅದೇ 20 ಓಮ್ ಸರ್ಕ್ಯೂಟಿನಲ್ಲಿ ಪ್ರೋಬನ್ನು ಸರಿಸಿ, ಇಂಡಕ್ಟರ್ ಮತ್ತು ಕೆಪಾಸಿಟರ್ ಎರಡರ ಮೇಲಿನ ವೋಲ್ಟೇಜನ್ನು ಒಟ್ಟಿಗೆ ಅಳೆಯೋಣ. ಪೋಲ್‌ಗಳು ಕದಲುವುದಿಲ್ಲ, ಅವು ಸರ್ಕ್ಯೂಟಿನ ಸ್ವಂತ ಸ್ವತ್ತು. ಝೀರೋಗಳು ಮಾತ್ರ ಅಳೆಯುವ ಜಾಗಕ್ಕೆ ತಕ್ಕಂತೆ ಬದಲಾಗುತ್ತವೆ. ಇಂಡಕ್ಟರಿಗೆ ರೋಧವೇ ಇಲ್ಲದಿದ್ದರೆ ಝೀರೋಗಳು ±j10000ದಲ್ಲಿ ಕೂತು, 1592 ಹರ್ಟ್ಸ್‌ನ ಸ್ವರವನ್ನು ಪೂರ್ತಿ ನುಂಗುತ್ತಿದ್ದವು. ಆದರೆ ತಂತಿಯ 5 ಓಮ್ ಅವನ್ನು −250 ± j9997ಕ್ಕೆ, ಅಂದರೆ ಅಕ್ಷದಿಂದ ಎಡಕ್ಕೆ ತಳ್ಳಿದೆ. ಪರಿಣಾಮವಾಗಿ ಆ ಸ್ವರದ ಕಾಲುಭಾಗ, 20ರಲ್ಲಿ 5, ಉಳಿದೇ ಬಿಡುತ್ತದೆ. ಲೆಕ್ಕದಲ್ಲಿ ಆಳವಾಗಿದ್ದ ಫಿಲ್ಟರ್ ಮೇಜಿನ ಮೇಲೆ ಸಪ್ಪೆಯಾಗಿದ್ದರೆ ಮೊದಲು ಮಲ್ಟಿಮೀಟರ್ ಹಿಡಿದು ನೋಡಬೇಕಾದದ್ದು ಆ ಸುರುಳಿಯ ರೋಧವನ್ನೇ.

ರೆಸಿಸ್ಟರ್, ಇಂಡಕ್ಟರ್, ಕೆಪಾಸಿಟರ್‌ಗಳಷ್ಟೇ ಇದ್ದರೆ ಪೋಲ್‌ಗಳು ಬಲಕ್ಕೆ ದಾಟುವುದಿಲ್ಲ. ಆಂಪ್ಲಿಫೈಯರ್ ಸೇರಿದಾಗ ದಾಟಬಹುದು. ವೀನ್ ಬ್ರಿಡ್ಜ್ ಆಸಿಲೇಟರಿನಲ್ಲಿ ಇದನ್ನು ಬೇಕೆಂದೇ ಬಳಸುತ್ತಾರೆ. 10 ಕಿಲೋಓಮ್, 10 ನ್ಯಾನೋಫ್ಯಾರಡ್ ಹಾಕಿದರೆ ಅದರ ಸ್ವರವೂ 1592 ಹರ್ಟ್ಸ್. ಆಂಪ್ಲಿಫೈಯರಿನ ಗೇನ್ 2.9 ಇದ್ದರೆ ಪೋಲ್‌ಗಳ ನೈಜ ಭಾಗ −500, ಸ್ವರ ಆರಿಹೋಗುತ್ತದೆ. 3.1 ಆದರೆ +500. ಸ್ವರ ಬೆಳೆದು ಬೆಳೆದು, ಪವರ್ ಸಪ್ಲೈಯ ಮಿತಿಗೆ ತಾಗಿ ತಲೆ ಚಪ್ಪಟೆಯಾಗುತ್ತದೆ. ಸರಿಯಾಗಿ 3 ಆದರೆ ಮಾತ್ರ ಪೋಲ್‌ಗಳು ಅಕ್ಷದ ಮೇಲೇ ನಿಂತು ಒಂದೇ ಎತ್ತರದ ಅಲೆ ಬರುತ್ತದೆ. ಯಾವ ರೆಸಿಸ್ಟರೂ ಅಷ್ಟು ಕರಾರುವಾಕ್ಕಾಗಿ ಸಿಗುವುದಿಲ್ಲವಲ್ಲ?

ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಬಿಲ್ ಹ್ಯೂಲೆಟ್ ಇದಕ್ಕೆ ಹೂಡಿದ ಉಪಾಯ ಒಂದು ಸಣ್ಣ ಬಲ್ಬ್. ಅಲೆ ದೊಡ್ಡದಾದರೆ ಬಲ್ಬಿನ ತಂತಿ ಕಾಯುತ್ತದೆ, ರೋಧ ಏರುತ್ತದೆ, ಗೇನ್ ಇಳಿದು ಪೋಲ್‌ಗಳು ಎಡಕ್ಕೆ ಬರುತ್ತವೆ. ಅಲೆ ಚಿಕ್ಕದಾದರೆ ಇದರ ತಿರುಗುಮುರುಗು. ಹೀಗೆ ಗೇನ್ ತಾನಾಗಿಯೇ 3ಕ್ಕೆ ಬಂದು ನಿಲ್ಲುತ್ತದೆ. ಹ್ಯೂಲೆಟ್–ಪ್ಯಾಕರ್ಡ್‌ನ ಮೊದಲ ಉತ್ಪನ್ನ 200A ಹುಟ್ಟಿದ್ದು ಇದರಿಂದಲೇ. ಅದರ ತಮ್ಮ 200Bಯನ್ನು ‘ಫ್ಯಾಂಟಾಸಿಯಾ’ ಚಿತ್ರಕ್ಕಾಗಿ ಡಿಸ್ನಿ ಸಂಸ್ಥೆ ಎಂಟು ಕೊಂಡಿತು. ಆದರೆ ಈ ಉಪಾಯಕ್ಕೂ ಒಂದು ಮಿತಿಯಿದೆ. ಸ್ವರ ತೀರಾ ತಗ್ಗಾದರೆ ಪ್ರತಿ ಅಲೆಯ ಏರಿಳಿತಕ್ಕೂ ಬಲ್ಬಿನ ತಂತಿ ಕಾದು ಆರುವಷ್ಟು ಸಮಯ ಸಿಕ್ಕಿಬಿಡುತ್ತದೆ. ಆಗ ಗೇನ್ ಅಲೆಯ ನಡುವೆಯೇ ಬದಲಾಗಿ ಅಲೆಯ ಆಕಾರ ಕೆಡುತ್ತದೆ.